ಇದು ಲೆಕ್ಕವೋ, ಬಾಯಿಪಾಠವೋ? ಪ್ರಶ್ನೆಪತ್ರಿಕೆಯ ಹಿಂದಿರುವ ನೀಲನಕ್ಷೆ

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಎರಡು ಮಾತು ಕೇಳಿಸುತ್ತೆ. ಒಂದು, ‘ಎಲ್ಲಾ ನೋಟ್ಸ್‌ನಲ್ಲಿ ಇದ್ದದ್ದೇ ಬಂತು’. ಇನ್ನೊಂದು, ‘ಸಿಲಬಸ್‌ನಲ್ಲೇ ಇಲ್ಲದ್ದು ಕೇಳಿದ್ದಾರೆ’. ಹೆಚ್ಚಿನ ಸಲ ಈ ಎರಡಕ್ಕೂ ಕಾರಣ ಒಂದೇ ಕಾಗದ. ಅದು ಪ್ರಶ್ನೆ ಬರೆಯುವ ಮೊದಲೇ ಮೇಷ್ಟ್ರು ಹಾಕಿಕೊಳ್ಳುವ ಕೋಷ್ಟಕ. ಅದನ್ನೇ ನೀಲನಕ್ಷೆ, ಬ್ಲೂಪ್ರಿಂಟ್ ಅಂತಾರೆ.

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದ 50 ಅಂಕಗಳ ಒಂದು ಅವಧಿ ಪರೀಕ್ಷೆಯನ್ನು ನಾವೇ ತಯಾರಿಸೋಣ. ಪಾಠ ಮಾಡಿದ್ದು 50 ತರಗತಿ ಅಂದ್ಕೊಳ್ಳಿ. ಜರ್ನಲ್ ಮತ್ತು ಲೆಡ್ಜರ್‌ಗೆ 20 ತರಗತಿ ಹೋಗಿದೆ, ಬ್ಯಾಂಕ್ ಸಮನ್ವಯ ಪಟ್ಟಿ, ಟ್ರಯಲ್ ಬ್ಯಾಲೆನ್ಸ್, ಸವಕಳಿ, ಈ ಮೂರಕ್ಕೂ ಹತ್ತತ್ತು. ಅಂಕವನ್ನೂ ಹಾಗೇ ಹಂಚ್ತೀವಿ: 20, 10, 10, 10. ಇದು ಕೋಷ್ಟಕದ ಒಂದು ಬದಿ.

ಇನ್ನೊಂದು ಬದಿಯಲ್ಲಿ ಉತ್ತರಿಸೋಕೆ ಎಂಥ ಯೋಚನೆ ಬೇಕು ಅನ್ನೋದು ಇರುತ್ತೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಇದನ್ನು ಆರು ಹಂತಗಳಾಗಿ ವಿಂಗಡಿಸಿದ್ದರು. ನಮಗೆ ಇವತ್ತು ಮೂರು ಸಾಕು: ಸ್ಮರಣೆ, ಅನ್ವಯ, ವಿಶ್ಲೇಷಣೆ. ಕ್ರಮವಾಗಿ 15, 20, 15 ಅಂಕ ಇಡೋಣ. ಸವಕಳಿಯ 10 ಅಂಕ ಈಗ 3, 4, 3 ಆಗಿ ಒಡೆಯುತ್ತೆ. ಹೀಗೆ ಎಲ್ಲ ಮನೆಗಳನ್ನೂ ತುಂಬಿದಾಗ ಅಡ್ಡಕ್ಕೂ ಉದ್ದಕ್ಕೂ ಕೂಡಿದರೆ 50 ಬರಬೇಕು.

ಇಲ್ಲಿವರೆಗೆ ಬರೀ ಕೂಡೋ ಲೆಕ್ಕ. ತೊಡಕು ಶುರುವಾಗೋದು ಪ್ರಶ್ನೆ ಬರೆಯುವಾಗ.

ಸವಕಳಿಯ ಅನ್ವಯದ ಪ್ರಶ್ನೆ ನೋಡಿ. ‘1,20,000 ರೂಪಾಯಿಯ ಯಂತ್ರವನ್ನು ಏಪ್ರಿಲ್ 1ರಂದು ಕೊಂಡರು. ಸರಳ ರೇಖಾ ಪದ್ಧತಿಯಲ್ಲಿ ಶೇ 10ರಂತೆ ಮೊದಲ ವರ್ಷದ ಸವಕಳಿ ಎಷ್ಟು?’ ಉತ್ತರ 12,000. ಇದೇ ಲೆಕ್ಕವನ್ನು ತರಗತಿಯಲ್ಲಿ ಐದು ಸಲ ಮಾಡಿಸಿದ್ರೆ, ವಿದ್ಯಾರ್ಥಿ ಇಲ್ಲಿ ಏನನ್ನೂ ಅನ್ವಯಿಸ್ತಿಲ್ಲ, ನೆನಪು ಮಾಡ್ಕೊಳ್ತಿದ್ದಾನೆ ಅಷ್ಟೇ. ಕೋಷ್ಟಕದಲ್ಲಿ ‘ಅನ್ವಯ’ ಅಂತಿದ್ರೂ ಅದು ಸ್ಮರಣೆಯ ಪ್ರಶ್ನೆ.

ಪತ್ತೆ ಮಾಡೋದು ಸುಲಭ. ಕೊಂಡ ದಿನಾಂಕವನ್ನು ಅಕ್ಟೋಬರ್ 1 ಮಾಡಿ, ಲೆಕ್ಕಪತ್ರ ಮುಗಿಯೋದು ಮಾರ್ಚ್ 31ಕ್ಕೆ ಅನ್ನಿ. ಯಂತ್ರ ಓಡಿದ್ದು ಆರೇ ತಿಂಗಳು, ಸವಕಳಿ 6,000. ಆದರೂ ತರಗತಿಯ ಬಹುಪಾಲು ಜನ 12,000 ಅಂತಲೇ ಬರೆದರೆ, ಅವರು ಕಲಿತದ್ದು ಸವಕಳಿಯನ್ನಲ್ಲ, ಆ ಒಂದು ಲೆಕ್ಕವನ್ನು. ಅಂದ್ರೆ ಪ್ರಶ್ನೆಯ ಹಂತ ಪ್ರಶ್ನೆಯ ಪದಗಳಲ್ಲಿ ಇರೋದಿಲ್ಲ. ಮಕ್ಕಳು ಮೊದಲೇ ಏನು ಅಭ್ಯಾಸ ಮಾಡಿದ್ರು ಅನ್ನೋದರ ಮೇಲೆ ಅದು ನಿಂತಿದೆ.

ವಿಶ್ಲೇಷಣೆಯೂ ಅಷ್ಟೆ. ‘ವಿಶ್ಲೇಷಿಸಿ’ ಅಂತ ಬರೆದ ಮಾತ್ರಕ್ಕೆ ವಿಶ್ಲೇಷಣೆ ಆಗಲ್ಲ. ಬದಲಿಗೆ ಹೀಗೆ ಕೇಳಿ: ‘ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿದೆ, ಆದರೂ ಲಾಭ 5,000 ರೂಪಾಯಿ ಹೆಚ್ಚು ತೋರಿಸುತ್ತಿದೆ. ಕೆಳಗಿನ ನಾಲ್ಕು ನಮೂದುಗಳಲ್ಲಿ ಯಾವುದು ಕಾರಣ, ಯಾಕೆ?’ ಅವುಗಳಲ್ಲೊಂದು, ಯಂತ್ರದ ಮಾಮೂಲಿ ದುರಸ್ತಿಗೆ ಕೊಟ್ಟ 5,000 ರೂಪಾಯಿಯನ್ನು ದುರಸ್ತಿ ವೆಚ್ಚದ ಬದಲು ಯಂತ್ರದ ಖಾತೆಗೆ ಡೆಬಿಟ್ ಮಾಡಿದ ನಮೂದು. ಡೆಬಿಟ್ ಕ್ರೆಡಿಟ್ ಸಮ ಇರೋದ್ರಿಂದ ಟ್ರಯಲ್ ಬ್ಯಾಲೆನ್ಸ್‌ಗೆ ತಪ್ಪು ಕಾಣಲ್ಲ. ಇಲ್ಲಿ ಸೂತ್ರ ಹಾಕೋಕೆ ಆಗಲ್ಲ. ನಾಲ್ಕನ್ನೂ ಬಿಡಿಸಿ, ಒಂದೊಂದೂ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನೋಡಬೇಕು.

ಇನ್ನೊಂದು ಸೋರಿಕೆ ‘ಅಥವಾ’. ಸವಕಳಿಯ 3 ಅಂಕದ ವಿಶ್ಲೇಷಣೆ ಪ್ರಶ್ನೆ ಹಾಕಿ, ಅದರ ಕೆಳಗೆ ‘ಅಥವಾ, ಸವಕಳಿಗೆ ಮೂರು ಕಾರಣ ಬರೆಯಿರಿ’ ಅಂದ್ರೆ ಏನಾಗುತ್ತೆ? ಬಾಯಿಪಾಠ ಮಾಡಿದವರು ಎರಡನೆಯದನ್ನೇ ಆರಿಸ್ತಾರೆ. ನಾಲ್ಕೂ ಅಧ್ಯಾಯಗಳಲ್ಲಿ ಹೀಗಾದ್ರೆ, ಆ ವಿದ್ಯಾರ್ಥಿಯ ಮಟ್ಟಿಗೆ ವಿಶ್ಲೇಷಣೆಯ 15 ಅಂಕ ಸೊನ್ನೆ, ಸ್ಮರಣೆ 30. ನೀಲನಕ್ಷೆ ಮಾತ್ರ ಸಮತೋಲನದಲ್ಲೇ ಇರುತ್ತೆ! ಹಾಗಾಗಿ ಆಯ್ಕೆ ಕೊಡೋದಾದ್ರೆ ಎರಡೂ ಪ್ರಶ್ನೆ ಒಂದೇ ಮನೆಯಿಂದ ಬರಬೇಕು: ಅದೇ ಅಧ್ಯಾಯ, ಅದೇ ಹಂತ, ಅದೇ ಅಂಕ.

ಒಂದು ಮಿತಿಯನ್ನೂ ಹೇಳಬೇಕು. 3 ಅಂಕದ ಮನೆಯಲ್ಲಿ ಇರೋದು ಬಹುಶಃ ಒಂದೇ ಪ್ರಶ್ನೆ. ಅದು ತಪ್ಪಾಯ್ತು ಅಂತ ‘ಈ ಹುಡುಗಿ ಸವಕಳಿಯಲ್ಲಿ ಹಿಂದೆ’ ಅನ್ನೋ ತೀರ್ಮಾನಕ್ಕೆ ಬರೋ ಹಾಗಿಲ್ಲ. ಇಡೀ ಪತ್ರಿಕೆಯ ವಿಶ್ಲೇಷಣೆಯ 15 ಅಂಕ ಒಟ್ಟಾಗಿ ಏನಾದ್ರೂ ಹೇಳಬಹುದು, ಒಂಟಿ ಪ್ರಶ್ನೆ ಹೇಳಲ್ಲ.

ನಿಮ್ಮ ಹತ್ರ ಹಳೇ ಪ್ರಶ್ನೆಪತ್ರಿಕೆ ಇದ್ರೆ ತೆಗೀರಿ. ಪ್ರತಿ ಪ್ರಶ್ನೆಯ ಪಕ್ಕ, ಅದು ನೋಟ್ಸ್‌ನಲ್ಲಿ ಹಾಗೇ ಇತ್ತಾ ಇಲ್ವಾ ಅಂತ ಗುರುತು ಹಾಕಿ, ಇದ್ದವುಗಳ ಅಂಕ ಕೂಡಿ. ಆ ಪರೀಕ್ಷೆ ನಿಮ್ಮಿಂದ ನಿಜಕ್ಕೂ ಏನು ಕೇಳ್ತು ಅನ್ನೋದು ಗೊತ್ತಾಗುತ್ತೆ.