ಕೂಗದೆ ಉಳಿದ ಫೋನ್‌ಗಳು: ತುರ್ತು ಎಚ್ಚರಿಕೆ ಸಂದೇಶದ ಕುರಿತು

(ಹುಡಗಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣ)



2023ರ ಅಕ್ಟೋಬರ್ 12ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ನಮ್ಮ ರಾಜ್ಯದಲ್ಲಿ ತುರ್ತು ಎಚ್ಚರಿಕೆ ಸಂದೇಶದ ಪರೀಕ್ಷೆ ನಡೆಸಿದ್ದು ತಮಗೆ ನೆನಪಿರಬಹುದು. ಅಂದು ಒಂದೇ ಮೇಜಿನ ಮೇಲಿದ್ದ ಫೋನ್‌ಗಳಲ್ಲಿ ಕೆಲವು ಜೋರಾಗಿ ಕೂಗಿದವು, ಒಂದು ಮಾತ್ರ ಸುಮ್ಮನಿತ್ತು. ಅದರ ಒಡೆಯರು, "ನನ್ನ ನಂಬರಿಗೆ ಆಧಾರ್ ಜೋಡಣೆ ಆಗಿಲ್ಲವೇನೋ ಸಾಹೇಬರೇ" ಎಂದರು.

ಈ ಅನುಮಾನ ಸಹಜ, ಆದರೆ ಸರಿಯಲ್ಲ. ಎಸ್ಎಂಎಸ್ ಒಂದೊಂದು ನಂಬರಿಗೆ ಪ್ರತ್ಯೇಕವಾಗಿ ಹೋಗುತ್ತದೆ. ಈ ಎಚ್ಚರಿಕೆಗೆ ನಂಬರೇ ಬೇಕಿಲ್ಲ. ಅಪಾಯವಿರುವ ಪ್ರದೇಶದ ಟವರ್‌ಗಳು ಡಂಗುರ ಸಾರಿದಂತೆ ಬಿತ್ತರಿಸುತ್ತವೆ. ಆ ಹೊತ್ತಿಗೆ ಆ ಟವರಿಗೆ ಕಿವಿಗೊಟ್ಟಿರುವ ಫೋನ್ ಕೂಗುತ್ತದೆ. ಹೀಗಾಗಿ ಗಡಿಯಂಚಿನ ಹೊಲದಲ್ಲಿ ಫೋನು ನೆರೆರಾಜ್ಯದ ಟವರನ್ನು ಹಿಡಿದಿದ್ದರೆ, ನಮ್ಮ ಜಿಲ್ಲೆಯ ಎಚ್ಚರಿಕೆ ಅದಕ್ಕೆ ಕೇಳಿಸದಿರಬಹುದು. ಸಂದೇಶವನ್ನು ನಿಗದಿತ ಅವಧಿಯವರೆಗೆ ಮತ್ತೆ ಮತ್ತೆ ಬಿತ್ತರಿಸಬಹುದು. ಆ ಅವಧಿ ಮುಗಿದ ಮೇಲೆ ಫೋನ್ ಆನ್ ಮಾಡಿದವರಿಗೆ ಅದು ಸಿಗದು.

ಸುಮ್ಮನಿದ್ದ ಆ ಫೋನನ್ನು ತೆರೆದು ನೋಡಿದೆವು. ಸೆಟ್ಟಿಂಗ್ಸ್‌ನಲ್ಲಿ Wireless emergency alerts ಎಂಬ ಪುಟವಿತ್ತು. ಅದರೊಳಗಿನ Test alerts ಆಫ್ ಆಗಿತ್ತು. ನಿಜವಾದ ವಿಪತ್ತಿನ ಎಚ್ಚರಿಕೆಗೆ ಅದೇ ಪುಟದಲ್ಲಿ ಬೇರೆ ಗುಂಡಿಗಳಿವೆ. ಆದ್ದರಿಂದ ಪರೀಕ್ಷೆಯ ದಿನ ಕೂಗದ ಫೋನೆಲ್ಲ ಕೆಟ್ಟದ್ದೆಂದು ತಿಳಿಯಬೇಕಿಲ್ಲ.

ನಿಜವಾದ ತೊಡಕು ಕೀಪ್ಯಾಡ್ ಫೋನ್‌ಗಳದು. ಹಲವು ಹಳೆಯ ಫೋನ್‌ಗಳಲ್ಲಿ Cell broadcast ಎಂಬ ಆಯ್ಕೆ ಮೆಸೇಜ್ ಮೆನುವಿನ ಆಳದಲ್ಲಿ ಆಫ್ ಆಗಿಯೇ ಇರುತ್ತದೆ. ಆನ್ ಮಾಡಿದರೂ ಕೆಲವು ಫೋನ್‌ಗಳು ಈ ಬಗೆಯ ಎಚ್ಚರಿಕೆಯನ್ನು ಗುರುತಿಸುವುದಿಲ್ಲ. ಸಿಡಿಲಿನ ಮುನ್ಸೂಚನೆ ಬಂದಾಗ ತೊಗರಿ ಹೊಲದ ನಡುವೆ ಕಳೆ ತೆಗೆಯುತ್ತಿರುವ ಹೆಣ್ಣುಮಗಳ ಸೆರಗಿನಲ್ಲಿರುವುದು ಬಹುಪಾಲು ಇಂಥ ಫೋನೇ. ಕೆಲವರ ಬಳಿ ಅದೂ ಇಲ್ಲ, ಮನೆಯ ಒಂದೇ ಫೋನು ಮಗನ ಜೇಬಿನಲ್ಲಿ ಹುಮನಾಬಾದಿಗೆ ಹೋಗಿರುತ್ತದೆ.

ಇಲ್ಲಿ ತಾವು ಗಮನಿಸಬೇಕಾದ ಸಂಗತಿಯೊಂದಿದೆ. ಸಂದೇಶ ತಲುಪಿತೆಂದು ಫೋನು ಟವರಿಗೆ ಮರುತ್ತರ ಕೊಡುವುದಿಲ್ಲ. ನಾನು ಎಂಜಿನಿಯರಿಂಗ್ ಓದಿದವನು. ಲಕ್ಷಾಂತರ ಫೋನ್‌ಗಳಿಗೆ ಏಕಕಾಲಕ್ಕೆ ತಲುಪಿಸಲು ಇದೇ ಸರಿಯಾದ ವಿನ್ಯಾಸವೆಂದು ಒಪ್ಪುತ್ತೇನೆ. ಆದರೆ ಯಾರಿಗೆ ತಲುಪಲಿಲ್ಲ ಎಂಬ ಪಟ್ಟಿ ಇದರಿಂದಾಗಿ ಬೆಂಗಳೂರಿನಲ್ಲೂ ಇರುವುದಿಲ್ಲ, ದೆಹಲಿಯಲ್ಲೂ ಇರುವುದಿಲ್ಲ. ಮನೆಮನೆಗೆ ಹೋಗಿ ಕೇಳಿದರಷ್ಟೇ ತಿಳಿಯುತ್ತದೆ.

ಆದುದರಿಂದ ಮುಂದಿನ ಪರೀಕ್ಷೆಯ ಸಂಜೆಯೇ ಪ್ರತಿ ವಾರ್ಡಿನ ಸದಸ್ಯರು ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕೆಂದು ವಿನಂತಿಸುತ್ತೇನೆ: ಫೋನು ಯಾವ ಬಗೆಯದು, ಆಗ ಆನ್ ಇತ್ತೇ, ಒಡೆಯರು ಎಲ್ಲಿದ್ದರು. ಎರಡು ದಿನ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಕೂಗದ ಫೋನ್‌ಗಳೇ ಹೆಚ್ಚಿರುವ ಓಣಿಗೆ ಗುಡಿಯ ಅಥವಾ ಮಸೀದಿಯ ಧ್ವನಿವರ್ಧಕದಿಂದ ಹೇಳಿಸೋಣ. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಕಾಯಕ ಬಂಧುವಿನ ಫೋನನ್ನು ಮೊದಲು ಪರಿಶೀಲಿಸೋಣ. ಆ ಒಂದು ಫೋನು ಕೂಗಿದರೆ ಇಡೀ ಗುಂಪಿಗೆ ಕೇಳಿಸುತ್ತದೆ. ಫೋನ್ ನೋಡಿಸಿಕೊಳ್ಳಬಯಸುವ ಸದಸ್ಯರು ಸಭೆ ಮುಗಿದ ಮೇಲೆ ಇಲ್ಲಿಯೇ ಉಳಿಯಬೇಕಾಗಿ ಕೋರುತ್ತೇನೆ.