ಸೋತವರ ಸ್ಕೋರೂ ಅಚ್ಚಾಗಲಿ: ಬ್ಯಾಡ್ಮಿಂಟನ್ ಅಕಾಡೆಮಿಗೊಂದು ಸುದ್ದಿಪತ್ರ

(ಪಾಡ್‌ಕಾಸ್ಟ್ ಮಾತಿನ ಬರಹರೂಪ)

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿನ ಮಕ್ಕಳು ಆಡುವ ಒಂದು ಬ್ಯಾಡ್ಮಿಂಟನ್ ಅಕಾಡೆಮಿ ಅದ ಅಂತ ಇಟ್ಕೊಳ್ರಿ. ಒಟ್ಟು ನಲವತ್ತು ಮಕ್ಕಳು. ಇಂಥ ಅಕಾಡೆಮಿ ಒಂದು ಸೀಸನ್ ಪೂರ್ತಿ ಸುದ್ದಿಪತ್ರ ತರಬೇಕು ಅಂದ್ರ ಹೆಂಗ ಯೋಜನೆ ಮಾಡಬೇಕು, ಇವತ್ತು ಅದನ್ನ ಮಾತಾಡೋಣ.

ಇಂಥ ಪತ್ರಿಕೆಗಳು ಸಾಮಾನ್ಯವಾಗಿ ಮೂರನೇ ಸಂಚಿಕೆಗೆ ನಿಲ್ತಾವ. ಮೊದಲ ಸಂಚಿಕೆಯಲ್ಲೇ ಕೋಚ್ ಪರಿಚಯ, ಅಧ್ಯಕ್ಷರ ಶುಭಾಶಯ, ಕಪ್ ಹಿಡಿದವರ ಫೋಟೊ ಎಲ್ಲಾ ಮುಗಿದುಹೋಗ್ತದ. ಎರಡನೆಯದರಲ್ಲಿ ಮತ್ತ ಅದೇ ಇಬ್ಬರು ಗೆದ್ದವರು. ಉಳಿದ ಮೂವತ್ತೆಂಟು ಮನೆಯವರು ಅದನ್ನ ಯಾಕ ಓದಬೇಕು?

ಅದಕ್ಕ ಮೊದಲು ಸಂಖ್ಯೆ ನಿಗದಿ ಮಾಡ್ರಿ. ಶಾಲೆ ಜೂನ್‌ಗೆ ಶುರು, ಮಾರ್ಚ್ ಬಂತಂದ್ರ ಪರೀಕ್ಷೆ. ನಡುವೆ ಒಂಬತ್ತು ತಿಂಗಳು. ಒಂದೂವರೆ ತಿಂಗಳಿಗೊಂದು ಅಂದ್ರೆ ಆರು ಸಂಚಿಕೆ: ಜೂನ್ ಮಧ್ಯ, ಆಗಸ್ಟ್ ಮೊದಲ ವಾರ, ಸೆಪ್ಟೆಂಬರ್ ಮಧ್ಯ, ನವೆಂಬರ್ ಮೊದಲ ವಾರ, ಡಿಸೆಂಬರ್ ಮಧ್ಯ, ಫೆಬ್ರವರಿ ಮೊದಲ ವಾರ. ಒಂದು ಎ3 ಹಾಳೆ ಮಡಚಿದರೆ ನಾಲ್ಕು ಪುಟ. ಝೆರಾಕ್ಸ್ ಅಂಗಡಿಯಲ್ಲೇ ಕೆಲಸ ಮುಗೀತದ.

ನಾಲ್ಕು ಪುಟಕ್ಕೆ ನಾಲ್ಕು ಅಂಕಣ ಸಾಕು. ಮೊದಲ ಪುಟದಲ್ಲಿ ಒಬ್ಬ ಆಟಗಾರ ಅಥವಾ ಆಟಗಾರ್ತಿಯ ಪರಿಚಯ. ಎರಡನೆಯದು ಸ್ಕೋರ್ ಪುಟ. ಮೂರನೆಯದರಲ್ಲಿ ಕೋಚ್ ಹೇಳಿಕೊಡುವ ಒಂದೇ ಒಂದು ಹೊಡೆತ. ಕೋಚ್‌ಗೆ ಬರೀರಿ ಅಂದ್ರ ಬರೆಯಲ್ಲ. ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲಿ, ದೊಡ್ಡ ಹುಡುಗರೊಬ್ಬರು ಬರೆದುಕೊಳ್ಳಲಿ. ಜೂನ್‌ನಲ್ಲಿ ಸರ್ವಿಸ್, ಆಮೇಲೆ ಕಾಲಿನ ಚಲನೆ, ಹೀಗೆ ಆರರ ವಿಷಯವನ್ನೂ ಮೊದಲೇ ಬರೆದಿಡ್ರಿ. ನಾಲ್ಕನೆಯ ಪುಟ ಮುಂದಿನ ಟೂರ್ನಿಗಳದ್ದು: ಯಾವ ವಯೋಮಿತಿ, ಎಂಟ್ರಿ ಕೊಡೋಕೆ ಕೊನೇ ದಿನ ಯಾವುದು. ಸಂಚಿಕೆ ಬಂದ ಮೇಲೆ ಪ್ರಕಟವಾದ ದಿನಾಂಕಗಳಿಗೆ ವಾಟ್ಸಾಪ್ ಗ್ರೂಪೇ ಗತಿ, ಅದನ್ನ ಪುಟದಲ್ಲೇ ಹೇಳಿಬಿಡ್ರಿ.

ಇವುಗಳಲ್ಲಿ ಪತ್ರಿಕೆಯನ್ನ ಉಳಿಸೋದು ಸ್ಕೋರ್ ಪುಟ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನ 15-3, 15-10ರಿಂದ ಸೋಲಿಸಿದರು. ಆಗ ಗೇಮ್‌ಗೆ 15 ಅಂಕ. ಆ ಪಂದ್ಯ ನೋಡದವರಿಗೂ ಈ ನಾಲ್ಕು ಅಂಕಿ ಸಾಕು: ಮೊದಲ ಗೇಮ್ ಏಕಪಕ್ಷೀಯ, ಎರಡನೆಯದರಲ್ಲಿ ಎದುರಾಳಿ ತುಸು ತಡೆದಿದ್ದಾರೆ. ಬರೀ ‘ಪ್ರಕಾಶ್ ಗೆದ್ದರು’ ಅಂದಿದ್ದರೆ ಇದು ಸಿಗ್ತಿರಲಿಲ್ಲ.

ಈಗ ನಮ್ಮ ಅಕಾಡೆಮಿಯ ಒಬ್ಬ ಹುಡುಗೀನ ತಗೊಳ್ರಿ. 15 ವರ್ಷದೊಳಗಿನ ವಿಭಾಗ. ಆಗಸ್ಟ್‌ನಲ್ಲಿ ಮೊದಲ ಸುತ್ತಿನಲ್ಲೇ 8-21, 11-21ರಿಂದ ಸೋಲು. ಡಿಸೆಂಬರ್‌ನಲ್ಲೂ ಮೊದಲ ಸುತ್ತು, 15-21, 16-21. ಗೆದ್ದವರ ಪಟ್ಟಿಯಲ್ಲಿ ಆಕೆ ಎರಡೂ ಸಲ ಇಲ್ಲ. ಮನೆಯಲ್ಲಿ ‘ಎಲ್ಲಾ ಕಡೆ ಸೋತು ಬರ್ತಾಳ, ಸಾಕು ಬಿಡಿಸೋಣ’ ಅನ್ನೋ ಮಾತು ಶುರುವಾಗಿರ್ತದ. ಆದ್ರ ಕೂಡಿಸಿ ನೋಡ್ರಿ: ಆಗ 19 ಅಂಕ, ಈಗ 31. ಎರಡು ಸಂಚಿಕೆ ಪಕ್ಕಪಕ್ಕ ಇಟ್ಟರೆ ಅಪ್ಪನಿಗೂ ಇದು ಕಾಣ್ತದ. ಒಂದು ಎಚ್ಚರ: ಎದುರಾಳಿ ಬೇರೆ ಆದ್ರ ಅಂಕಿಯ ತೂಕವೂ ಬೇರೆ. ಅದಕ್ಕ ಟೂರ್ನಿಯ ಮಟ್ಟ, ವಿಭಾಗ, ಸುತ್ತು ಮೂರನ್ನೂ ಸ್ಕೋರಿನ ಜೊತೆ ಬರೀಲೇಬೇಕು. ತಾಲ್ಲೂಕು ಪಂದ್ಯವನ್ನ ರಾಜ್ಯಮಟ್ಟದ್ದಕ್ಕ ಹೋಲಿಸಬ್ಯಾಡ್ರಿ.

ಸ್ಕೋರ್ ಸಂಗ್ರಹಿಸೋದು ಪಂದ್ಯದ ದಿನವೇ ಆಗಬೇಕು, ವಾರ ಕಳೆದರೆ ಯಾರಿಗೂ ನೆನಪಿರಲ್ಲ. ಊರಿಗೊಬ್ಬ ವರದಿಗಾರ, ಒಂದು ನೋಟ್‌ಬುಕ್. ಪುಟವನ್ನ ಮೂರು ಸಮ ಕಾಲಂ ಮಾಡಿ ಊರಿನ ಹೆಸರು ಮೊದಲೇ ಹಾಕಿಬಿಡ್ರಿ. ಇಲ್ಲದಿದ್ರ ಸಂಪಾದಕರು ರೋಣದವರಾದರೆ ಪತ್ರಿಕೆಯೂ ರೋಣದ್ದೇ ಆಗ್ತದ. ನರಗುಂದದಿಂದ ಏನೂ ಬರದಿದ್ರ ‘ಈ ಸಲ ಪಂದ್ಯ ಇಲ್ಲ’ ಅಂತ ಅಚ್ಚಾಗಲಿ. ಜಾಗ ಬೇರೆಯವರಿಗೆ ಕೊಡಬ್ಯಾಡ್ರಿ.

ದಾರಿ ತಪ್ಪೈತೋ ಇಲ್ಲೋ ಅಂತ ತಿಳಿಯೋದು ಹೆಂಗ? ನಲವತ್ತೂ ಹೆಸರಿನ ಒಂದು ಪಟ್ಟಿ ಗೋಡೆಗೆ ಹಚ್ರಿ. ಹೆಸರು ಅಚ್ಚಾದಾಗ ಒಂದು ಗೀಟು. ಮೂರನೇ ಸಂಚಿಕೆ ಹೊತ್ತಿಗೆ ಇಪ್ಪತ್ತು ಹೆಸರಿನ ಮುಂದ ಗೀಟೇ ಇಲ್ಲ ಅಂದ್ರ ಪತ್ರಿಕೆ ಗೆದ್ದವರದಷ್ಟೇ ಆಗೈತಿ. ಟೂರ್ನಿಗೆ ಹೋಗದ ಮಕ್ಕಳಿಗೆ ಅಕಾಡೆಮಿಯೊಳಗೇ ತಿಂಗಳಿಗೊಂದು ಭಾನುವಾರ ಪಂದ್ಯ ಇಡ್ರಿ, ಆ ಸ್ಕೋರೂ ಬರಲಿ.

ಕೊನೆಯದಾಗಿ, ಮಕ್ಕಳ ಫೋಟೊ ಹಾಕೋಕೆ ಮುಂಚೆ ಪಾಲಕರ ಸಹಿ ತಗೊಳ್ರಿ. ಜನ್ಮದಿನಾಂಕ, ಮನೆ ವಿಳಾಸ, ಫೋನ್ ನಂಬರ್ ಅಚ್ಚು ಮಾಡಬ್ಯಾಡ್ರಿ. ಹೆಸರು, ಊರು, ವಿಭಾಗ, ಸ್ಕೋರ್ ಇಷ್ಟು ಸಾಕು. ಮುಂದಿನ ಕಂತಿನಲ್ಲಿ ಸಿಗೋಣ್ರಿ.