ಯುರೇನಿಯಂ 235 ಸುಲಭವಾಗಿ ಒಡೆಯುತ್ತೆ, 238 ಯಾಕೆ ಒಡೆಯಲ್ಲ?

ನಮ್ಮ ಕೈಗಾ ರಿಯಾಕ್ಟರ್‌ಗೆ ಹಾಕೋ ಯುರೇನಿಯಂನಲ್ಲಿ ಶೇ. 99ಕ್ಕೂ ಹೆಚ್ಚು ಇರೋದು ಯುರೇನಿಯಂ 238. ಆದ್ರೂ ಸರಪಳಿ ಕ್ರಿಯೆ ಶುರುವಾಗೋದು ಬರೀ ಶೇ. 0.7ರಷ್ಟಿರೋ 235ರಿಂದ. ಯಾಕೆ?

ನ್ಯೂಕ್ಲಿಯಸ್ಸನ್ನ ಒಂದು ನೀರಿನ ಹನಿ ಅಂದ್ಕೊಳ್ಳಿ. ಒಡೆಯೋಕೆ ಮೊದಲು ಅದು ಉದ್ದಕ್ಕೆ ಹಿಗ್ಗಬೇಕು. ಆದರೆ ಒಳಗಿನ ಸೆಳೆತ ಅದನ್ನ ಮತ್ತೆ ಉಂಡೆ ಮಾಡೋಕೆ ನೋಡುತ್ತೆ. ಹಾಗಾಗಿ ಮಧ್ಯೆ ಒಂದು ಶಕ್ತಿಯ ದಿಬ್ಬ ಹತ್ತಬೇಕು. ದಾಟಿದ್ರೆ ಪ್ರೋಟಾನ್‌ಗಳ ವಿಕರ್ಷಣೆಯೇ ಎರಡು ಹೋಳು ಮಾಡುತ್ತೆ. ಎರಡರಲ್ಲೂ ಈ ದಿಬ್ಬದ ಎತ್ತರ ಹೆಚ್ಚುಕಮ್ಮಿ 6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್.

ಅಂದ್ರೆ ವ್ಯತ್ಯಾಸ ಇರೋದು ದಿಬ್ಬದಲ್ಲಲ್ಲ, ಹತ್ತೋಕೆ ಸಿಗೋ ಶಕ್ತಿಯಲ್ಲಿ. ನ್ಯೂಟ್ರಾನ್ ಎಷ್ಟೇ ನಿಧಾನವಾಗಿ ಬಂದು ಸೇರ್ಕೊಂಡ್ರೂ ಒಂದಿಷ್ಟು ಬಂಧನ ಶಕ್ತಿ ಬಿಡುಗಡೆಯಾಗುತ್ತೆ. 235ರಲ್ಲಿ 143 ನ್ಯೂಟ್ರಾನ್‌ಗಳಿವೆ, ಬೆಸಸಂಖ್ಯೆ. ಹೊಸದು ಬಂದ್ರೆ ಒಂಟಿಯಾಗಿದ್ದದ್ದಕ್ಕೆ ಜೋಡಿ ಸಿಗುತ್ತೆ, ಸುಮಾರು 6.5 ಬಿಡುಗಡೆಯಾಗುತ್ತೆ. ದಿಬ್ಬ ದಾಟಿಯೇ ಬಿಡ್ತು! 238ರಲ್ಲಿ 146, ಎಲ್ಲಾ ಆಗಲೇ ಜೋಡಿ. ಹೊಸಬ ಒಂಟಿ, ಸಿಗೋದು ಬರೀ 4.8. ಉಳಿದದ್ದನ್ನ ನ್ಯೂಟ್ರಾನ್ ತನ್ನ ವೇಗದಿಂದಲೇ ತರಬೇಕು. 1939ರಲ್ಲೇ ಬೋರ್ ಮತ್ತು ವೀಲರ್ ಈ ಲೆಕ್ಕ ಬಿಡಿಸಿದ್ರು.

ಹಾಗಾದ್ರೆ ವಿದಳನದಿಂದ ಹೊರಬರೋ ನ್ಯೂಟ್ರಾನ್‌ಗಳು ಸರಾಸರಿ 2 ಮಿಲಿಯನ್ ಇಟ್ಕೊಂಡೇ ಬರ್ತಾವಲ್ಲ, 238 ಯಾಕೆ ತಾನೇ ಉರಿಯಲ್ಲ? ಕೆಲವು ಒಡೆಯೋದು ನಿಜ. ಆದ್ರೆ ಬಹುಪಾಲು ನ್ಯೂಟ್ರಾನ್‌ಗಳು ಅದೇ 238ಕ್ಕೆ ಡಿಕ್ಕಿ ಹೊಡೆದು ಶಕ್ತಿ ಕಳ್ಕೊಂಡು, ಒಡೆಯೋ ಮಟ್ಟಕ್ಕಿಂತ ಕೆಳಗೆ ಇಳಿದುಬಿಡ್ತಾವೆ. ಆಮೇಲೆ ಅವನ್ನ 238 ಒಡೆಯದೆ ನುಂಗಿಕೊಳ್ಳುತ್ತೆ, ಸರಪಳಿ ಅಲ್ಲೇ ತುಂಡಾಗುತ್ತೆ.